ಮೊಬೈಲಿಗೆ ಬಂದ ವಿಮಾ ಪತ್ರದ ಚಿತ್ರ: ಅನುಸೂಚಿ ಪುಟವನ್ನು ಓದುವ ಕ್ರಮ

ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗೆ ಈ ಸಂದರ್ಭ ಅಪರಿಚಿತವಲ್ಲ. ವಾರ್ಡಿನ ಒಬ್ಬರು ಆಸ್ಪತ್ರೆಗೆ ದಾಖಲಾಗುತ್ತಾರೆ. ಮನೆಯವರು ಆರೋಗ್ಯ ವಿಮಾ ಪತ್ರದ ಒಂದು ಹಾಳೆಯ ಫೋಟೋ ತೆಗೆದು ಸದಸ್ಯರ ಮೊಬೈಲಿಗೆ ಕಳುಹಿಸಿ, "ಅಣ್ಣ, ಇದರಲ್ಲಿ ಎಷ್ಟು ಬರುತ್ತೆ ನೋಡಿ ಹೇಳಿ" ಎನ್ನುತ್ತಾರೆ. ಹಾಳೆಯಲ್ಲಿ ದಪ್ಪ ಅಕ್ಷರಗಳಲ್ಲಿ ಐದು ಲಕ್ಷವೆಂದು ಅಚ್ಚಾಗಿರುವುದನ್ನು ಕಂಡು ಐದು ಲಕ್ಷ ಬರುತ್ತದೆಂದು ಹೇಳಿಬಿಡುವುದು ಸುಲಭ. ಆ ಮಾತನ್ನು ನಂಬಿ ಮನೆಯವರು ದೊಡ್ಡ ಆಸ್ಪತ್ರೆಯಲ್ಲಿ ದುಬಾರಿ ಕೊಠಡಿ ಹಿಡಿದು, ಬಿಡುಗಡೆಯ ದಿನ ಹಣ ಬಾರದೆಂದು ತಿಳಿದು, ಬಡ್ಡಿಗೆ ಸಾಲ ತರಬೇಕಾಗಬಹುದು. ಆ ಒಂದು ಹಾಳೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ವಿವರಿಸುವುದಷ್ಟೇ ಈ ಪಾಠದ ಉದ್ದೇಶ. ಹಸುವಿನ ವಿಮೆ ಮತ್ತು ಬೆಳೆ ವಿಮೆಯ ಪತ್ರಗಳ ರೀತಿ ಬೇರೆಯಾದುದರಿಂದ ಅವುಗಳನ್ನು ಇಲ್ಲಿ ಪ್ರಸ್ತಾಪಿಸಿಲ್ಲ.

ಮೊದಲು ಚಿತ್ರವನ್ನು ಪರಿಶೀಲಿಸುವುದು

ಕಳುಹಿಸಿದ ಚಿತ್ರವು ವಿಮಾ ಪತ್ರದ್ದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ಪ್ರೀಮಿಯಂ ಎಷ್ಟಾಗುತ್ತದೆಂದು ಏಜೆಂಟರು ಬರೆದುಕೊಟ್ಟ ಅಂದಾಜು ಪಟ್ಟಿ, ಹಣ ಕಟ್ಟಿದ ರಸೀದಿ, ತುಂಬಿಕೊಟ್ಟ ಅರ್ಜಿ ನಮೂನೆ ಇವುಗಳಲ್ಲಿಯೂ ಕಂಪನಿಯ ಲಾಂಛನ ಮತ್ತು ಮೊತ್ತ ಇರುತ್ತವೆ. ಆದರೆ ಇವು ಯಾವುವೂ ವಿಮಾ ಪತ್ರವಲ್ಲ. ಅನುಸೂಚಿ ಪುಟದ ತಲೆಯಲ್ಲಿ ಸಾಮಾನ್ಯವಾಗಿ ‘ಪಾಲಿಸಿ ಶೆಡ್ಯೂಲ್’ ಎಂಬ ಇಂಗ್ಲಿಷ್ ಶೀರ್ಷಿಕೆ, ಅದರ ಕೆಳಗೆ ಪಾಲಿಸಿ ಸಂಖ್ಯೆ, ವಿಮೆ ಜಾರಿಯಲ್ಲಿರುವ ಅವಧಿಯ ಆರಂಭ ಮತ್ತು ಅಂತ್ಯದ ದಿನಾಂಕ, ವಿಮೆಗೆ ಒಳಪಟ್ಟವರ ಹೆಸರುಗಳ ಕೋಷ್ಟಕ ಇರುತ್ತವೆ. ಇವುಗಳಲ್ಲಿ ಪಾಲಿಸಿ ಸಂಖ್ಯೆಯೇ ಇಲ್ಲವಾದರೆ ಮುಂದೆ ಓದುವ ಮುನ್ನ ಸರಿಯಾದ ಹಾಳೆಯನ್ನು ಕೇಳಿ ಪಡೆಯಬೇಕು.

ಸಾಲ ಪಡೆಯುವಾಗ ಅಥವಾ ಸಂಘದ ಮೂಲಕ ಮಾಡಿಸಿದ ಗುಂಪು ವಿಮೆಯಾದರೆ ಸದಸ್ಯರ ಕೈಯಲ್ಲಿ ಅನುಸೂಚಿಯ ಬದಲು ವಿಮಾ ಪ್ರಮಾಣಪತ್ರವೆಂಬ ಹಾಳೆ ಇರುತ್ತದೆ. ಮೂಲ ಪಾಲಿಸಿಯು ಸಾಲ ಕೊಟ್ಟ ಸಂಸ್ಥೆಯ ಅಥವಾ ಸಂಘದ ಹೆಸರಿನಲ್ಲಿರುತ್ತದೆ. ಷರತ್ತುಗಳನ್ನು ಅಲ್ಲಿಯೇ ಕೇಳಬೇಕಾಗುತ್ತದೆ.

ಚಿತ್ರದ ಕೆಳಭಾಗದಲ್ಲಿ ಪುಟಸಂಖ್ಯೆ ನೋಡುವ ರೂಢಿ ಮಾಡಿಕೊಳ್ಳುವುದು ಒಳ್ಳೆಯದು. ಆರು ಪುಟಗಳಲ್ಲಿ ಮೊದಲನೆಯದು ಎಂಬಂತೆ ಅಚ್ಚಾಗಿದ್ದರೆ ಉಳಿದ ಐದು ಪುಟಗಳು ಎಲ್ಲಿವೆ ಎಂದು ಕೇಳಬೇಕು. ಕಾಯುವ ಅವಧಿಯ ವಿವರ, ಕೊಠಡಿ ಬಾಡಿಗೆಯ ಮಿತಿ, ಒಬ್ಬ ವ್ಯಕ್ತಿಗೆ ಮಾತ್ರ ಹಾಕಿದ ವಿಶೇಷ ಷರತ್ತು ಇವು ಬಹುಪಾಲು ಎರಡನೆಯ ಅಥವಾ ಮೂರನೆಯ ಪುಟದಲ್ಲಿ ಇರುತ್ತವೆ. ಫೋಟೋ ತೆಗೆಯುವವರು ಮೊತ್ತ ಕಾಣುವ ಪುಟವನ್ನಷ್ಟೇ ತೆಗೆದಿರುತ್ತಾರೆ. ಮಡಿಕೆಯ ಗೆರೆಯ ಮೇಲೆ ಬಿದ್ದ ದಿನಾಂಕದಲ್ಲಿ 3 ಮತ್ತು 8, 1 ಮತ್ತು 7 ಒಂದೇ ರೀತಿ ಕಾಣಿಸುವುದುಂಟು. ಇಲ್ಲಿ ಒಂದು ಅಂಕಿ ತಪ್ಪಿದರೆ ಐದು ವರ್ಷವೇ ತಪ್ಪುತ್ತದೆ. ಸಾಧ್ಯವಿದ್ದಲ್ಲಿ ಫೋಟೋದ ಬದಲು ಕಂಪನಿಯು ಇಮೇಲ್ ಅಥವಾ ವಾಟ್ಸ್ಆ್ಯಪ್ ಮೂಲಕ ಕಳುಹಿಸಿದ ಪಿಡಿಎಫ್ ಕಡತವನ್ನೇ ತರಿಸಿಕೊಳ್ಳಬೇಕು. ಹಾಳೆಯಲ್ಲಿ ಜನ್ಮದಿನಾಂಕ, ದೂರವಾಣಿ ಸಂಖ್ಯೆ ಮತ್ತು ಕಾಯಿಲೆಯ ವಿವರ ಇರುವುದರಿಂದ ಅದನ್ನು ಪಂಚಾಯಿತಿಯ ಅಥವಾ ಊರಿನ ಗುಂಪಿಗೆ ರವಾನಿಸಬಾರದು.

ಒಂದು ಉದಾಹರಣೆ ಪುಟ

ವಿಷಯ ಸ್ಪಷ್ಟವಾಗಲೆಂದು ಒಂದು ಪುಟವನ್ನು ಕಲ್ಪಿಸಿಕೊಳ್ಳೋಣ. ಇದು ಯಾವ ಕಂಪನಿಯದೂ ಅಲ್ಲ, ಯಾವ ಕುಟುಂಬದ್ದೂ ಅಲ್ಲ. ಆದರೆ ಇದರಲ್ಲಿನ ಪ್ರತಿಯೊಂದು ಸಾಲೂ ನಿಜವಾದ ಹಾಳೆಗಳಲ್ಲಿ ಕಾಣಸಿಗುವಂಥದ್ದು.

ಹೊಳೆನರಸೀಪುರ ತಾಲ್ಲೂಕಿನ ಒಂದು ರೈತ ಕುಟುಂಬ. ಗಂಡನಿಗೆ 52 ವರ್ಷ, ಹೆಂಡತಿಗೆ 47, ಮಗನಿಗೆ 19. ಗಂಡನ ತಾಯಿಯೂ ಅದೇ ಮನೆಯಲ್ಲಿದ್ದಾರೆ. ವಿಮೆಯ ಈಗಿನ ಅವಧಿ 20-08-2025 ರಿಂದ 19-08-2026 ರ ಮಧ್ಯರಾತ್ರಿಯವರೆಗೆ. ವಿಮಾ ಮೊತ್ತ 5,00,000 ರೂ., ಫ್ಲೋಟರ್ ರೀತಿಯದು. ಹೆಸರುಗಳ ಕೋಷ್ಟಕದಲ್ಲಿ ಮೂವರಿದ್ದಾರೆ. ಗಂಡ ಮತ್ತು ಹೆಂಡತಿಯ ಸಾಲಿನ ಕೊನೆಯಲ್ಲಿ ಮೊದಲ ಸೇರ್ಪಡೆಯ ದಿನಾಂಕ 20-08-2023 ಎಂದಿದೆ, ಮಗನ ಸಾಲಿನಲ್ಲಿ 20-08-2024 ಎಂದಿದೆ. ಗಂಡನ ಸಾಲಿನಲ್ಲಿ ಪೂರ್ವದಿಂದ ಇರುವ ಕಾಯಿಲೆ ಎಂಬ ಅಂಕಣದಲ್ಲಿ ಸಕ್ಕರೆ ಕಾಯಿಲೆಯನ್ನು ನಮೂದಿಸಲಾಗಿದೆ. ಎರಡನೆಯ ಪುಟದಲ್ಲಿ ಮೊದಲ 30 ದಿನ, ನಿರ್ದಿಷ್ಟ ಕಾಯಿಲೆಗಳಿಗೆ 24 ತಿಂಗಳು, ಪೂರ್ವದಿಂದ ಇರುವ ಕಾಯಿಲೆಗೆ 36 ತಿಂಗಳು ಎಂಬ ಮೂರು ಕಾಯುವ ಅವಧಿಗಳಿವೆ. ಕೊಠಡಿ ಬಾಡಿಗೆ ದಿನಕ್ಕೆ 3,000 ರೂ., ಕೋ-ಪೇ ಶೇಕಡಾ 10. ಹಿಂದಿನ ವರ್ಷದ ವಿಮಾ ಮೊತ್ತ 3,00,000 ರೂ. ಎಂಬ ಒಂದು ಸಣ್ಣ ಸಾಲೂ ಅದರಲ್ಲಿದೆ.

ಈ ಸಣ್ಣ ಸಾಲನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದೇ ಮುಖ್ಯವಾಗಲಿದೆ.

ವಿಮಾ ಮೊತ್ತ

ವಿಮಾ ಮೊತ್ತವೆಂದರೆ ಕಂಪನಿಯು ಒಂದು ವಿಮಾ ವರ್ಷದಲ್ಲಿ ಕೊಡಬಹುದಾದ ಗರಿಷ್ಠ ಹಣ. ಅದು ಮೇಲ್ಮಿತಿಯೇ ಹೊರತು ಕೊಡುವ ವಾಗ್ದಾನವಲ್ಲ. ಫ್ಲೋಟರ್ ಎಂದು ಬರೆದಿದ್ದರೆ ಆ 5 ಲಕ್ಷವು ಮೂವರಿಗೂ ಸೇರಿದ ಒಂದೇ ಗಂಟು. ಮಗನ ಅಪಘಾತದ ಚಿಕಿತ್ಸೆಗೆ ನವೆಂಬರಿನಲ್ಲಿ ಎರಡು ಲಕ್ಷ ಖರ್ಚಾಗಿದ್ದರೆ ಜನವರಿಯಲ್ಲಿ ತಾಯಿತಂದೆಯರಿಗೆ ಉಳಿಯುವುದು ಆ ಗಂಟಿನ ಶೇಷ ಮಾತ್ರ. ಒಬ್ಬೊಬ್ಬರ ಹೆಸರಿನ ಮುಂದೆ ಬೇರೆ ಬೇರೆ ಮೊತ್ತ ಬರೆದಿದ್ದರೆ ಅದು ವೈಯಕ್ತಿಕ ವಿಮೆ, ಒಬ್ಬರ ಖರ್ಚು ಇನ್ನೊಬ್ಬರ ಮೊತ್ತವನ್ನು ತಗ್ಗಿಸುವುದಿಲ್ಲ. ಈ ವರ್ಷ ಈಗಾಗಲೇ ಎಷ್ಟು ಬಳಕೆಯಾಗಿದೆ ಎಂಬುದು ಅನುಸೂಚಿ ಪುಟದಲ್ಲಿ ಎಂದೂ ಕಾಣುವುದಿಲ್ಲ, ಏಕೆಂದರೆ ಅದು ವರ್ಷದ ಮೊದಲ ದಿನ ಅಚ್ಚಾದ ಹಾಳೆ. ಅದನ್ನು ಕಂಪನಿಯ ಸಹಾಯವಾಣಿಯಿಂದಲೇ ತಿಳಿಯಬೇಕು.

ಕೋಷ್ಟಕದಲ್ಲಿ ಹೆಸರಿಲ್ಲದವರಿಗೆ ವಿಮೆ ಇಲ್ಲ. ಉದಾಹರಣೆಯ ಮನೆಯಲ್ಲಿ ಅಜ್ಜಿಯ ಹೆಸರು ಪುಟದಲ್ಲಿಲ್ಲ. ‘ಕುಟುಂಬ ವಿಮೆ’ ಎಂಬ ಹೆಸರು ಕೇಳಿ ಮನೆಯವರೆಲ್ಲರೂ ಸೇರಿದ್ದಾರೆಂದು ತಿಳಿದಿರುವುದು ಬಹಳ ಸಾಮಾನ್ಯವಾದ ತಪ್ಪು.

ಇನ್ನೊಂದು ಬಗೆಯ ಹಾಳೆಯ ಬಗ್ಗೆ ಎಚ್ಚರ ಅಗತ್ಯ. ದಿನಕ್ಕೆ 500 ಅಥವಾ 1,000 ರೂ. ಎಂದು ಬರೆದು, ಅದರ ಮುಂದೆ ದಿನಗಳ ಸಂಖ್ಯೆ ಕೊಟ್ಟಿದ್ದರೆ ಅದು ಆಸ್ಪತ್ರೆ ನಗದು ವಿಮೆ. ಆಸ್ಪತ್ರೆಯ ಬಿಲ್ ಎಷ್ಟೇ ಆಗಿರಲಿ, ದಾಖಲಾಗಿದ್ದ ದಿನಗಳ ಲೆಕ್ಕದಲ್ಲಿ ಗೊತ್ತುಪಡಿಸಿದ ಹಣ ಮಾತ್ರ ಬರುತ್ತದೆ. ಇಂತಹ ಹಾಳೆಯನ್ನು ಹಿಡಿದು ಶಸ್ತ್ರಚಿಕಿತ್ಸೆಗೆ ಹೊರಟವರಿಗೆ ನಿಜಸ್ಥಿತಿಯನ್ನು ದಾಖಲಾಗುವ ಮುನ್ನವೇ ತಿಳಿಸಬೇಕು.

ಕಾಯುವ ಅವಧಿ: ಎಲ್ಲಿಂದ ಎಣಿಸುವುದು

ಈ ಪುಟದಲ್ಲಿ ಅತಿ ಹೆಚ್ಚು ತಪ್ಪು ಓದಿಗೆ ಒಳಗಾಗುವುದು ಇದೇ ಭಾಗ. ದಪ್ಪ ಅಕ್ಷರದಲ್ಲಿರುವ ವಿಮಾ ಅವಧಿ, ಅಂದರೆ 20-08-2025, ಈ ವರ್ಷದ ವಿಮೆ ಜಾರಿಯಲ್ಲಿದೆಯೇ ಎಂಬುದನ್ನಷ್ಟೇ ಹೇಳುತ್ತದೆ. ಕಾಯುವ ಅವಧಿಯನ್ನು ಆ ದಿನಾಂಕದಿಂದ ಎಣಿಸುವುದಿಲ್ಲ. ಆಯಾ ವ್ಯಕ್ತಿ ಮೊದಲ ಬಾರಿಗೆ ಸೇರಿದ ದಿನಾಂಕದಿಂದ, ನಡುವೆ ವಿಮೆ ಕಡಿದುಹೋಗಿಲ್ಲ ಎಂಬ ಷರತ್ತಿನ ಮೇಲೆ ಎಣಿಸಬೇಕು. ಆದ್ದರಿಂದ ಒಂದೇ ಹಾಳೆಯಲ್ಲಿ ಮೂವರಿಗೆ ಮೂರು ಲೆಕ್ಕ ಇರಬಹುದು. ಮೊದಲ ಸೇರ್ಪಡೆಯ ದಿನಾಂಕದ ಅಂಕಣ ಚಿತ್ರದಲ್ಲಿ ಕತ್ತರಿಸಿಹೋಗಿದ್ದರೆ ಯಾವ ಉತ್ತರವನ್ನೂ ಕೊಡಲಾಗದು. ಬೇರೆ ಕಂಪನಿಯಿಂದ ನಿಯಮಾನುಸಾರ ವರ್ಗಾಯಿಸಿಕೊಂಡ ವಿಮೆಯಾದರೆ ಹಿಂದಿನ ಕಂಪನಿಯಲ್ಲಿ ಕಳೆದ ಕಾಲವೂ ಹಿಂದಿನ ಮೊತ್ತದ ಮಟ್ಟಿಗೆ ಲೆಕ್ಕಕ್ಕೆ ಬರುತ್ತದೆ.

ಮೂರು ಅವಧಿಗಳ ಅರ್ಥ ಹೀಗಿದೆ. ಮೊದಲ 30 ದಿನಗಳಲ್ಲಿ ಅಪಘಾತವನ್ನು ಬಿಟ್ಟು ಬೇರೆ ಯಾವ ಕಾಯಿಲೆಗೂ ಹಣ ದೊರೆಯದು. ಷರತ್ತುಗಳ ಪುಸ್ತಿಕೆಯಲ್ಲಿ ಇದರ ಸಂಕೇತ Excl03. ನಿರ್ದಿಷ್ಟ ಕಾಯಿಲೆಗಳೆಂದರೆ ಕಂಪನಿಯು ಪಟ್ಟಿಮಾಡಿದ, ನಿಧಾನವಾಗಿ ಬೆಳೆಯುವ ಮತ್ತು ಶಸ್ತ್ರಚಿಕಿತ್ಸೆಯನ್ನು ಮುಂದೂಡಬಹುದಾದ ತೊಂದರೆಗಳು. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಪಿತ್ತಕೋಶದ ಮತ್ತು ಮೂತ್ರಪಿಂಡದ ಕಲ್ಲು, ಗರ್ಭಕೋಶ ತೆಗೆಯುವುದು, ಮಂಡಿ ಕೀಲು ಬದಲಾವಣೆ ಇಂಥವು ಸಾಮಾನ್ಯವಾಗಿ ಆ ಪಟ್ಟಿಯಲ್ಲಿರುತ್ತವೆ. ಇದರ ಸಂಕೇತ Excl02. ವಿಮೆ ಮಾಡಿಸಿದ ನಂತರ ಹೊಸದಾಗಿ ಕಾಣಿಸಿಕೊಂಡಿದ್ದರೂ ಪಟ್ಟಿಯಲ್ಲಿದ್ದರೆ ಕಾಯಲೇಬೇಕು. ಮೂರನೆಯದು, ವಿಮೆಗೆ ಮುಂಚೆಯೇ ಇದ್ದ ಕಾಯಿಲೆ ಮತ್ತು ಅದರ ನೇರ ಪರಿಣಾಮಗಳು, ಸಂಕೇತ Excl01. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2024 ರಲ್ಲಿ ಇದರ ಗರಿಷ್ಠ ಮಿತಿಯನ್ನು 48 ತಿಂಗಳಿನಿಂದ 36 ತಿಂಗಳಿಗೆ ಇಳಿಸಿತು. ಹಳೆಯ ಹಾಳೆಯಲ್ಲಿ 48 ಎಂದು ಕಂಡುಬಂದಲ್ಲಿ ಈಗಿನ ನವೀಕರಣದ ಹಾಳೆಯನ್ನು ಕೇಳಿ ನೋಡಬೇಕು.

ಈಗ 2026 ರ ಜನವರಿ 12 ಎಂದು ಇಟ್ಟುಕೊಂಡು ಉದಾಹರಣೆಯ ಮನೆಗೆ ಹಿಂದಿರುಗೋಣ.

ಹೆಂಡತಿಗೆ ಪಿತ್ತಕೋಶದಲ್ಲಿ ಕಲ್ಲು ಕಂಡುಬಂದು ವೈದ್ಯರು ಶಸ್ತ್ರಚಿಕಿತ್ಸೆ ಸೂಚಿಸಿದ್ದಾರೆ. ಆಕೆ ಸೇರಿದ್ದು 20-08-2023 ರಂದು. 24 ತಿಂಗಳು 19-08-2025 ಕ್ಕೆ ಮುಗಿದಿದೆ. ಆದುದರಿಂದ ಕಾಯುವ ಅವಧಿಯ ಅಡ್ಡಿಯಿಲ್ಲ. ಆದರೆ ವಿಮೆಗೆ ಮುಂಚೆಯೇ ಕಲ್ಲು ಇತ್ತೆಂದು ಹಳೆಯ ಸ್ಕ್ಯಾನಿಂಗ್ ವರದಿಯಿಂದ ತಿಳಿದುಬಂದರೆ ಎರಡು ಅವಧಿಗಳಲ್ಲಿ ದೀರ್ಘವಾದದ್ದು, ಅಂದರೆ 36 ತಿಂಗಳು, ಅನ್ವಯಿಸುತ್ತದೆ.

ಮಗನಿಗೆ ಹರ್ನಿಯಾ. ಆತ ಸೇರಿದ್ದು ಒಂದು ವರ್ಷ ತಡವಾಗಿ. ಆತನ 24 ತಿಂಗಳು ಮುಗಿಯುವುದು 19-08-2026 ಕ್ಕೆ. ತಂದೆತಾಯಿಯ ದಿನಾಂಕವನ್ನು ನೋಡಿ ಮಗನಿಗೂ ಆಗುತ್ತದೆ ಎಂದರೆ ತಪ್ಪಾಗುತ್ತದೆ. ಶಸ್ತ್ರಚಿಕಿತ್ಸೆಯನ್ನು ಆಗಸ್ಟ್ 20 ರ ನಂತರಕ್ಕೆ ಮುಂದೂಡಬಹುದೇ ಎಂಬುದನ್ನು ವೈದ್ಯರೇ ಹೇಳಬೇಕು, ಸದಸ್ಯರಾಗಲಿ ಏಜೆಂಟರಾಗಲಿ ಅಲ್ಲ. ಹರ್ನಿಯಾ ಒಳಗೆ ಹೋಗದೆ ಸಿಕ್ಕಿಕೊಂಡು ವಾಂತಿ, ತೀವ್ರ ನೋವು ಕಾಣಿಸಿಕೊಂಡರೆ ವಿಮೆಯ ದಿನಾಂಕವನ್ನು ಎಣಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಗಂಡನಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನಲ್ಲಿ ಹುಣ್ಣಾಗಿದೆ ಎಂದುಕೊಳ್ಳೋಣ. 36 ತಿಂಗಳು ಮುಗಿಯುವುದು ಆಗಸ್ಟ್ 2026 ರಲ್ಲಿ. ಜನವರಿಯಲ್ಲಿ ಈ ಚಿಕಿತ್ಸೆಗೆ ಹಣ ಬಾರದು. ಅದೇ ಗಂಡನಿಗೆ ಡೆಂಗಿ ಜ್ವರ ಬಂದು ದಾಖಲಾದರೆ, ಅದು ಸಕ್ಕರೆ ಕಾಯಿಲೆಯ ಪರಿಣಾಮವಲ್ಲವಾದ್ದರಿಂದ ವಿಮೆ ಸಿಗಬೇಕು. ಟ್ರ್ಯಾಕ್ಟರಿನಿಂದ ಬಿದ್ದು ಮೂಳೆ ಮುರಿದರೂ ಸಿಗಬೇಕು. ಸಕ್ಕರೆ ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ಯಾವ ಚಿಕಿತ್ಸೆಗೂ ಹಣ ಬರುವುದಿಲ್ಲ ಎಂದು ತಿಳಿದು ಕ್ಲೇಮನ್ನೇ ಹಾಕದವರೂ ಇದ್ದಾರೆ. ಹೃದಯಾಘಾತದಂತಹ ಸಂದರ್ಭದಲ್ಲಿ ಅದು ಸಕ್ಕರೆ ಕಾಯಿಲೆಯ ನೇರ ಪರಿಣಾಮವೇ ಎಂಬ ಬಗ್ಗೆ ವಿವಾದ ಏಳುವುದುಂಟು. ಅಲ್ಲಿ ಚಿಕಿತ್ಸೆ ನೀಡಿದ ವೈದ್ಯರ ಲಿಖಿತ ಅಭಿಪ್ರಾಯಕ್ಕೆ ಬೆಲೆಯಿದೆ.

ಇನ್ನು ಆ ಸಣ್ಣ ಸಾಲಿನ ವಿಷಯ. ಹಿಂದಿನ ವರ್ಷ 3 ಲಕ್ಷವಿದ್ದ ಮೊತ್ತವನ್ನು ಆಗಸ್ಟ್ 2025 ರಲ್ಲಿ 5 ಲಕ್ಷಕ್ಕೆ ಏರಿಸಲಾಗಿದೆ. ಏರಿಸಿದ 2 ಲಕ್ಷಕ್ಕೆ ಎಲ್ಲ ಕಾಯುವ ಅವಧಿಗಳೂ ಏರಿಸಿದ ದಿನದಿಂದ ಹೊಸದಾಗಿ ಆರಂಭವಾಗುತ್ತವೆ. ಹೆಂಡತಿಯ ಶಸ್ತ್ರಚಿಕಿತ್ಸೆಗೆ 90,000 ರೂ. ಆಗುವುದಾದರೆ ಹಳೆಯ 3 ಲಕ್ಷದೊಳಗೇ ಮುಗಿಯುವುದರಿಂದ ತೊಂದರೆಯಿಲ್ಲ. ಆದರೆ ಅದೇ ಜನವರಿಯಲ್ಲಿ ಆಕೆಗೆ ಮಂಡಿ ಕೀಲು ಬದಲಾವಣೆಗೆ 3,80,000 ರೂ. ಆಗುವುದಾದರೆ, ಪುಟದಲ್ಲಿ 5 ಲಕ್ಷವೆಂದಿದ್ದರೂ ಆ ಕಾಯಿಲೆಗೆ ಸಿಗುವ ಮೇಲ್ಮಿತಿ 3 ಲಕ್ಷವೇ. ಉಳಿದ 80,000 ಮನೆಯವರದ್ದು. ಆಗಸ್ಟ್ 2027 ರವರೆಗೆ ಈ ಸ್ಥಿತಿ ಇರುತ್ತದೆ. ಅಪಘಾತವಾದರೆ ಮಾತ್ರ ಏರಿಸಿದ ಮೊತ್ತವೂ ಕೂಡಲೇ ಲಭ್ಯ. ಆದುದರಿಂದ ಚಿತ್ರ ಕಳುಹಿಸಿದವರಿಂದ ಈ ವರ್ಷದ ಹಾಳೆಯ ಜೊತೆಗೆ ಹಿಂದಿನ ವರ್ಷಗಳ ಹಾಳೆಗಳನ್ನೂ ಕೇಳುವುದು ಲೇಸು.

ವಿಮೆ ಕಡಿದುಹೋದರೆ ಈ ಎಣಿಕೆಯೆಲ್ಲ ಅಳಿಸಿಹೋಗುತ್ತದೆ. ವಾರ್ಷಿಕ ಪ್ರೀಮಿಯಂ ಕಟ್ಟುವವರಿಗೆ ಅವಧಿ ಮುಗಿದ ನಂತರ 30 ದಿನಗಳ ರಿಯಾಯಿತಿ ಕಾಲವಿದೆ. ಅಷ್ಟರೊಳಗೆ ಕಟ್ಟಿದರೆ ಹಿಂದಿನ ಕಾಲದ ಎಣಿಕೆ ಉಳಿಯುತ್ತದೆ, ಆದರೆ ಅವಧಿ ಮುಗಿದ ದಿನದಿಂದ ಹಣ ಕಟ್ಟುವವರೆಗಿನ ನಡುವಿನ ದಿನಗಳಲ್ಲಿ ಆದ ಖರ್ಚಿಗೆ ವಿಮೆಯಿಲ್ಲ. ಉದಾಹರಣೆಯ ಮನೆಯವರು ಆಗಸ್ಟ್ 2026 ರಲ್ಲಿ ಕೈಯಲ್ಲಿ ಹಣವಿಲ್ಲವೆಂದು ನವೀಕರಣವನ್ನು ಬಿಟ್ಟರೆ, ಮಗನ ಹರ್ನಿಯಾಕ್ಕೂ ಗಂಡನ ಸಕ್ಕರೆ ಕಾಯಿಲೆಗೂ ವಿಮೆ ದೊರೆಯಬೇಕಾದ ವಾರದಲ್ಲಿಯೇ ಎಲ್ಲವನ್ನೂ ಕಳೆದುಕೊಂಡಂತಾಗುತ್ತದೆ. ಮುಂಗಾರು ಬೆಳೆಗೆ ಬಂಡವಾಳ ಹಾಕಿ ಫಸಲು ಇನ್ನೂ ಕೈಗೆ ಬಾರದ ಕಾಲವದು. ಆದುದರಿಂದ ಅಂತ್ಯದ ದಿನಾಂಕವನ್ನು ಮನೆಯವರಿಗೆ ಬರೆದುಕೊಡುವುದು ಒಳ್ಳೆಯದು.

‘ಇಲ್ಲ’ ಎಂದು ಬರೆದ ಅಂಕಣ

ಪೂರ್ವದಿಂದ ಇರುವ ಕಾಯಿಲೆಯ ಅಂಕಣದಲ್ಲಿ ‘ನಿಲ್’ ಅಥವಾ ‘ನನ್’ ಎಂದು ಅಚ್ಚಾಗಿದ್ದು, ಆ ವ್ಯಕ್ತಿಯು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಅಥವಾ ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿರುವುದು ಸದಸ್ಯರಿಗೆ ಗೊತ್ತಿದ್ದರೆ, ಆ ಹಾಳೆಯಲ್ಲಿ ಅತಿ ದೊಡ್ಡ ಅಪಾಯವಿರುವುದು ಅಲ್ಲಿಯೇ. ಅರ್ಜಿಯನ್ನು ಬೇರೆಯವರು ತುಂಬಿದ್ದರೂ ಸಹಿ ಮನೆಯವರದ್ದೇ ಆಗಿರುತ್ತದೆ. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ವೈದ್ಯರು "ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ" ಎಂದು ಬರೆದ ಕ್ಷಣದಲ್ಲಿ ಎರಡು ಕಾಗದಗಳು ಒಂದಕ್ಕೊಂದು ವಿರುದ್ಧವಾಗುತ್ತವೆ. ಆಗ ಕಂಪನಿಯು ಕ್ಲೇಮನ್ನು ತಿರಸ್ಕರಿಸಬಹುದು, ವಿಮೆಯನ್ನೇ ರದ್ದುಪಡಿಸಲೂ ಬಹುದು. ಇಂತಹ ಅಂಕಣ ಕಣ್ಣಿಗೆ ಬಿದ್ದಾಗ ಕಂಪನಿಗೆ ಲಿಖಿತವಾಗಿ ತಿಳಿಸಿ ಎಂಡೋರ್ಸ್‌ಮೆಂಟ್ ಎಂಬ ತಿದ್ದುಪಡಿ ಪತ್ರವನ್ನು ಕೋರಬೇಕು. ಅದರಿಂದ ಪ್ರೀಮಿಯಂ ಹೆಚ್ಚಬಹುದು, ಕಂಪನಿಯು ಹೊಸ ಷರತ್ತು ಹಾಕಬಹುದು. ಆದರೂ ಆಸ್ಪತ್ರೆಯ ಬಾಗಿಲಲ್ಲಿ ತಿಳಿಯುವುದಕ್ಕಿಂತ ಅದು ಮೇಲು. ಹೊಸ ವಿಮೆಯಾದರೆ, ಪತ್ರ ಕೈಸೇರಿದ 30 ದಿನಗಳೊಳಗೆ ಒಪ್ಪಿಗೆಯಿಲ್ಲವೆಂದು ಹಿಂದಿರುಗಿಸುವ ಹಕ್ಕೂ ಇದೆ.

ಸತತವಾಗಿ 60 ತಿಂಗಳು ವಿಮೆ ನಡೆದಿದ್ದರೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟರೆಂಬ ಕಾರಣಕ್ಕೆ ಕಂಪನಿಯು ಕ್ಲೇಮನ್ನು ಪ್ರಶ್ನಿಸುವಂತಿಲ್ಲ. ಈ ಎಣಿಕೆಯೂ ಮೊದಲ ಸೇರ್ಪಡೆಯ ದಿನಾಂಕದಿಂದಲೇ, ಏರಿಸಿದ ಮೊತ್ತಕ್ಕೆ ಏರಿಸಿದ ದಿನದಿಂದ.

ಹೊರತುಪಡಿಸಿದ ಸಂಗತಿಗಳು

ಕಾಯುವ ಅವಧಿ ಮುಗಿಯುವಂಥದ್ದು. ಹೊರತುಪಡಿಸಿದ ಸಂಗತಿ ಮುಗಿಯುವಂಥದ್ದಲ್ಲ. ಗೊಂದಲಕ್ಕೆ ಕಾರಣವೇನೆಂದರೆ ಎರಡಕ್ಕೂ Excl ಎಂಬ ಒಂದೇ ಸಂಕೇತ ಬಳಕೆಯಲ್ಲಿದೆ. 01 ರಿಂದ 03 ರವರೆಗಿನವು ಕಾಯುವ ಅವಧಿಗಳು, Excl04 ರಿಂದ ಮುಂದಿನವು ಸಾಮಾನ್ಯವಾಗಿ ಹೊರಗಿಟ್ಟವು. ಅನುಸೂಚಿ ಪುಟದಲ್ಲಿ ಇವುಗಳ ವಿವರ ಇರುವುದಿಲ್ಲ, ಪಾಲಿಸಿಯ ಷರತ್ತುಗಳಂತೆ ಎಂಬ ಒಂದು ಸಾಲು ಮಾತ್ರ ಇರುತ್ತದೆ. ವಿವರವು ಷರತ್ತುಗಳ ಪುಸ್ತಿಕೆಯಲ್ಲಿದ್ದು, ಅದು ಹಲವು ಪುಟಗಳ ಇಂಗ್ಲಿಷ್ ಬರಹ. ಅದಕ್ಕಿಂತ ಸುಲಭವಾದದ್ದು ಗ್ರಾಹಕ ಮಾಹಿತಿ ಪತ್ರ. 2024 ರ ಜನವರಿ 1 ರಿಂದ ಪ್ರತಿ ಆರೋಗ್ಯ ವಿಮೆಯೊಂದಿಗೆ ಈ ಪತ್ರವನ್ನು ಹೊಸ ನಮೂನೆಯಲ್ಲಿ ಕೊಡಬೇಕೆಂದು ಪ್ರಾಧಿಕಾರ ವಿಧಿಸಿದೆ. ವಿಮೆದಾರರು ಬಯಸಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂದೂ ಹೇಳಿದೆ. ಕನ್ನಡದ ಪ್ರತಿಯನ್ನು ಕೇಳಿ ಪಡೆಯಬಹುದೆಂಬ ಈ ವಿಷಯ ಬಹಳ ಮಂದಿಗೆ ತಿಳಿದಿಲ್ಲ.

ನಮ್ಮ ಹಳ್ಳಿಗಳಲ್ಲಿ ಕ್ಲೇಮುಗಳಿಗೆ ಅಡ್ಡ ಬರಬಲ್ಲ ಮೂರು ಸಂಗತಿಗಳನ್ನು ಮಾತ್ರ ಇಲ್ಲಿ ಹೇಳಬಹುದು. ಬರಿಯ ಪರೀಕ್ಷೆಗಳಿಗಾಗಿ ಒಂದೆರಡು ದಿನ ದಾಖಲಾದರೆ ಅದು Excl04 ರಂತೆ ಹೊರಗಿನದು. "ವಿಮೆ ಇದೆಯಲ್ಲ, ಒಂದು ದಿನ ದಾಖಲಾಗಿ ಎಲ್ಲ ಚೆಕ್ ಮಾಡಿಸಿಕೊಳ್ಳಿ" ಎಂಬ ಸಲಹೆ ಕೇಳಿ ಹಣ ಕಳೆದುಕೊಳ್ಳುವುದು ಇಲ್ಲಿ. ಮದ್ಯಪಾನದ ಚಟ ಮತ್ತು ಅದರ ಪರಿಣಾಮಗಳ ಚಿಕಿತ್ಸೆ Excl12 ರಂತೆ ಹೊರಗಿನದು, ಕೇಸ್ ಶೀಟಿನ ಒಂದು ವಾಕ್ಯದ ಮೇಲೆ ಇದರ ವಿವಾದ ನಿಂತಿರುತ್ತದೆ. ಹೆರಿಗೆಯೂ Excl18 ರಂತೆ ಹೊರಗಿನದೇ, ಆದರೆ ಕೆಲವು ಪಾಲಿಸಿಗಳಲ್ಲಿ ಅದನ್ನು ಪ್ರತ್ಯೇಕವಾಗಿ ಸೇರಿಸಿರುತ್ತಾರೆ, ಆಗ ಅನುಸೂಚಿಯಲ್ಲಿ ಅದರ ಮೊತ್ತ ಕಾಣುತ್ತದೆ.

ಕೊಠಡಿ ಬಾಡಿಗೆಯ ಸಾಲು

ಹೆಂಡತಿಯ ಶಸ್ತ್ರಚಿಕಿತ್ಸೆಗೆ ಕಾಯುವ ಅವಧಿಯ ಅಡ್ಡಿಯಿಲ್ಲವೆಂದು ಕಂಡೆವು. ಹಾಗಿದ್ದರೂ ಬಿಲ್ ಪೂರ್ತಿ ಬರುತ್ತದೆಯೇ? ಇಲ್ಲಿ ಕೊಠಡಿ ಬಾಡಿಗೆಯ ಮಿತಿ ಕೆಲಸ ಮಾಡುತ್ತದೆ.

ಪುಟದಲ್ಲಿ ದಿನಕ್ಕೆ 3,000 ರೂ. ಎಂದಿದೆ. ಮನೆಯವರು 4,500 ರೂ. ಕೊಠಡಿಯಲ್ಲಿ ಮೂರು ದಿನ ಇದ್ದರು. ದಿನಕ್ಕೆ 1,500 ರೂ. ನಾವೇ ಕೊಟ್ಟರಾಯಿತು ಎಂದು ಅವರು ಭಾವಿಸಿದರು. ಆದರೆ ಬಹಳಷ್ಟು ಪಾಲಿಸಿಗಳಲ್ಲಿ, ಕೊಠಡಿಯ ದರ್ಜೆಗೆ ತಕ್ಕಂತೆ ಇತರ ಶುಲ್ಕಗಳನ್ನೂ ವಿಧಿಸುವ ಆಸ್ಪತ್ರೆಗಳಲ್ಲಿ, ಮಿತಿ ಮೀರಿದ ಪ್ರಮಾಣದಲ್ಲಿಯೇ ಆ ಶುಲ್ಕಗಳನ್ನೂ ಕಡಿತ ಮಾಡಲಾಗುತ್ತದೆ. 4,500 ರಲ್ಲಿ 3,000 ಎಂದರೆ ಮೂರನೆಯ ಎರಡು ಪಾಲು. ಬಿಲ್ಲಿನಲ್ಲಿ ಬಾಡಿಗೆ 13,500, ಶಸ್ತ್ರಚಿಕಿತ್ಸಕರು, ಅರಿವಳಿಕೆ, ಥಿಯೇಟರ್ ಮತ್ತು ಶುಶ್ರೂಷೆಗೆ 60,000, ಔಷಧಿ ಮತ್ತು ಪರೀಕ್ಷೆಗಳಿಗೆ 16,500, ಒಟ್ಟು 90,000 ರೂ. ಎಂದುಕೊಳ್ಳೋಣ. ಬಾಡಿಗೆಯಲ್ಲಿ 9,000 ಮಾನ್ಯವಾಗುತ್ತದೆ. 60,000 ರಲ್ಲಿ ಮೂರನೆಯ ಎರಡು ಪಾಲು, ಅಂದರೆ 40,000 ಮಾನ್ಯವಾಗುತ್ತದೆ. ಔಷಧಿ ಮತ್ತು ಪರೀಕ್ಷೆಗಳ ವೆಚ್ಚಕ್ಕೆ ಈ ಕಡಿತವನ್ನು ಹಾಕುವಂತಿಲ್ಲವಾದ್ದರಿಂದ 16,500 ಪೂರ್ತಿ ಉಳಿಯುತ್ತದೆ. ಒಟ್ಟು 65,500. ಇದರ ಮೇಲೆ ಶೇಕಡಾ 10 ಕೋ-ಪೇ, ಅಂದರೆ ಮನೆಯವರ ಪಾಲು 6,550 ಕಳೆದರೆ ಕಂಪನಿ ಕೊಡುವುದು 58,950 ರೂ. ಮನೆಯವರು 31,050 ರೂ. ಹೊಂದಿಸಬೇಕು.

3,000 ರೂ. ಕೊಠಡಿಯನ್ನೇ ಹಿಡಿದು ಇತರ ವೆಚ್ಚ ಅಷ್ಟೇ ಇದ್ದಿದ್ದರೆ ಬಿಲ್ 85,500 ಆಗಿ, ಕೋ-ಪೇ 8,550 ಮಾತ್ರ ಅವರ ಪಾಲಿಗೆ ಬರುತ್ತಿತ್ತು. ಬಾಡಿಗೆಯಲ್ಲಿನ 4,500 ರೂ. ವ್ಯತ್ಯಾಸಕ್ಕೆ ಅವರು ತೆತ್ತದ್ದು 22,500 ರೂ. ಆದ್ದರಿಂದ ದಾಖಲಾಗುವ ಮುನ್ನ ಸದಸ್ಯರು ಹೇಳಬಹುದಾದ ಅತ್ಯಂತ ಉಪಯುಕ್ತ ಮಾತೆಂದರೆ ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ "ನಮ್ಮ ಮಿತಿ ದಿನಕ್ಕೆ ಮೂರು ಸಾವಿರ, ಅದರೊಳಗಿನ ಕೊಠಡಿಯನ್ನೇ ಕೊಡಿ" ಎಂದು ಕೇಳುವಂತೆ ತಿಳಿಸುವುದು. ಮಿತಿಯು ರೂಪಾಯಿಯಲ್ಲಿರದೆ ವಿಮಾ ಮೊತ್ತದ ಶೇಕಡಾ 1 ಎಂದಿದ್ದರೆ ಲೆಕ್ಕ ಹಾಕಿ ಕಾಗದದಲ್ಲಿ ಬರೆದುಕೊಟ್ಟು ಕಳುಹಿಸಬೇಕು.

ಪುಟದಲ್ಲಿ ಅಡ್ಡಿ ಕಂಡಾಗ

ಖಾಸಗಿ ವಿಮೆಯ ಕಾಯುವ ಅವಧಿ ಮುಗಿಯದಿದ್ದರೆ ಬೇರೆ ದಾರಿ ಇಲ್ಲವೆಂದಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಪೂರ್ವದಿಂದ ಇರುವ ಕಾಯಿಲೆ ಎಂಬ ಕಾರಣಕ್ಕೆ ಅಲ್ಲಿ ಕಾಯಿಸುವುದಿಲ್ಲ. ಉದಾಹರಣೆಯ ಗಂಡನ ಕಾಲಿನ ಹುಣ್ಣಿಗೆ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯನ್ನು ಅಥವಾ ತಾಲ್ಲೂಕು ಆಸ್ಪತ್ರೆಯನ್ನು ಮೊದಲು ಕಾಣುವುದು ಸೂಕ್ತ, ಏಕೆಂದರೆ ಖಾಸಗಿ ಆಸ್ಪತ್ರೆಯಲ್ಲಿ ಈ ಯೋಜನೆಯಡಿ ಚಿಕಿತ್ಸೆ ಪಡೆಯಲು ತುರ್ತು ಸಂದರ್ಭಗಳ ಹೊರತು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ವಿಮೆಯ ಪುಟದಲ್ಲಿ ಹೆಸರಿಲ್ಲದ ಅಜ್ಜಿಯ ಹೆಸರು ಪಡಿತರ ಚೀಟಿಯಲ್ಲಿ ಇದೆಯೇ ಎಂಬುದನ್ನೂ ಅದೇ ಸಮಯದಲ್ಲಿ ನೋಡಬೇಕು.

ಹಣ ಬರಬೇಕಾದಲ್ಲಿ ಕಂಪನಿಯು ನಿರಾಕರಿಸಿದರೆ, ಯಾವ ಷರತ್ತಿನ ಪ್ರಕಾರ ಎಂಬುದನ್ನು ಲಿಖಿತವಾಗಿ ಕೇಳಬೇಕು. ಉತ್ತರದಲ್ಲಿ Excl02 ಎಂದು ಬರೆದಿದ್ದರೆ ಮೊದಲ ಸೇರ್ಪಡೆಯ ದಿನಾಂಕದಿಂದ ತಿಂಗಳುಗಳನ್ನು ಎಣಿಸಿ ನೋಡಬೇಕು. ನವೀಕರಣದ ದಿನಾಂಕದಿಂದ ಎಣಿಸಿ ತಿರಸ್ಕರಿಸಿರುವುದು ಕಂಡುಬಂದರೆ ಮೊದಲ ವರ್ಷದ ಅನುಸೂಚಿ ಪುಟವನ್ನು ಲಗತ್ತಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಪ್ರಾಧಿಕಾರದ ಸಹಾಯವಾಣಿ 155255 ರ ಮೂಲಕ ಅಥವಾ bimabharosa.irdai.gov.in ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ಕಂಪನಿಯು ದೂರನ್ನು ತಳ್ಳಿಹಾಕಿದರೆ, ಅಥವಾ ಒಂದು ತಿಂಗಳೊಳಗೆ ಉತ್ತರಿಸದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ದೂರಿನೊಂದಿಗೆ ಮೊದಲ ವರ್ಷದಿಂದ ಈವರೆಗಿನ ಎಲ್ಲ ಅನುಸೂಚಿ ಪುಟಗಳು, ಕಂಪನಿಯ ನಿರಾಕರಣೆ ಪತ್ರ, ಆಸ್ಪತ್ರೆಯ ಬಿಡುಗಡೆ ಸಾರಾಂಶ ಮತ್ತು ಬಿಲ್ಲಿನ ಪ್ರತಿ ಇರಬೇಕು.